ಚಿಗವ್ವ ವಾಪಸ್ ಕಳಿಸಿದ ನೋಟಿಸು

ಅಂಚೆಯವನು ಬಂದದ್ದು ಸೋಮವಾರವೋ ಗುರುವಾರವೋ ನನಗೆ ಈಗಲೂ ಖಾತ್ರಿಯಿಲ್ಲ. ಅವನು ಬಂದಾಗ ನಾನು ಖಾನಾವಳಿಯ ಬಾಗಿಲಲ್ಲಿದ್ದೆ ಎಂಬುದೂ ಖಾತ್ರಿಯಿಲ್ಲ. ಕಣ್ಣು ಮುಚ್ಚಿದರೆ ಅವನ ಭುಜದ ಚೀಲ, ಉದ್ದನೆಯ ಕಂದು ಲಕೋಟೆ, ಅದರ ಮೂಲೆಯಲ್ಲಿ ವಕೀಲರ ನೀಲಿ ಮೊಹರು, ಹಿಟ್ಟು ಮೆತ್ತಿದ ಎರಡೂ ಕೈಗಳನ್ನು ಎದೆಯ ಮಟ್ಟಕ್ಕೆ ಎತ್ತಿ ಹಿಡಿದ ಚಿಗವ್ವ, ಎಲ್ಲ ಕಾಣುತ್ತವೆ. ಆದರೆ ಚಿಗವ್ವ ಈ ಪ್ರಸಂಗವನ್ನು ಊಟಕ್ಕೆ ಬಂದವರಿಗೆಲ್ಲ ಎಷ್ಟು ಸಲ ಅಭಿನಯಿಸಿ ತೋರಿಸಿದ್ದಾಳೆಂದರೆ, ನಾನು ನೋಡಿದ್ದು ಅಂಚೆಯವನನ್ನೋ, ಅಂಚೆಯವನ ಪಾತ್ರ ಮಾಡುತ್ತಿದ್ದ ಚಿಗವ್ವನನ್ನೋ ಹೇಳಲಾರೆ. ನಾನು ವಿಶ್ವವಿದ್ಯಾಲಯದಲ್ಲಿ ಇತಿಹಾಸ ಓದಿದವನು. ಕಣ್ಣಾರೆ ಕಂಡೆ ಎನ್ನುವವರ ಮಾತನ್ನು ಒರೆಗೆ ಹಚ್ಚದೆ ನಂಬಬಾರದೆಂದು ಅಲ್ಲಿ ಕಲಿಸಿದ್ದರು. ಕಂಡೆ ಎನ್ನುವವನು ನಾನೇ ಆದಾಗ ಒರೆಗಲ್ಲನ್ನು ಎಲ್ಲಿಂದ ತರಬೇಕೆಂದು ಕಲಿಸಿರಲಿಲ್ಲ.

ಅನುಮಾನವಿಲ್ಲದ ಸಂಗತಿ ಇಷ್ಟು. ಚಿಗವ್ವ, ಅಂದರೆ ನನ್ನ ತಾಯಿಯ ತಂಗಿ, ಹೈದರಾಬಾದಿನ ಸನತ್‌ನಗರದ ಒಂದು ಗಲ್ಲಿಯಲ್ಲಿ ಖಾನಾವಳಿ ನಡೆಸುತ್ತಿದ್ದಳು. ನೆಲಮಹಡಿಯಲ್ಲಿ ಎರಡು ಕೋಣೆ, ಹಿಂದೆ ತಗಡಿನ ಮಾಡು ಹಾಕಿದ ಹಿತ್ತಲು, ಹಿತ್ತಲಲ್ಲಿ ಇಟ್ಟಿಗೆ ಕಟ್ಟಿದ ಜೋಡು ಒಲೆ. ಸುತ್ತಲಿನ ಸಣ್ಣ ಕಾರ್ಖಾನೆಗಳಲ್ಲಿ ಕೆಲಸ ಮಾಡುವ ಕಲಬುರಗಿ, ರಾಯಚೂರು, ಬೀದರ ಕಡೆಯವರು ಮಧ್ಯಾಹ್ನ ಜೋಳದ ರೊಟ್ಟಿಗೆ ಬರುತ್ತಿದ್ದರು. ಮನೆಯ ಮಾಲಕ ತೆಲುಗಿನ ಮುದುಕ, ಮೇಲಿನ ಮಹಡಿಯಲ್ಲಿದ್ದ. ಅವನು ತೀರಿಕೊಂಡ ಮೇಲೆ ಮನೆ ಮಗನ ಹೆಸರಿಗೆ ಬಂತು. ಮಗ ಮಿಯಾಪುರದ ಕಡೆ ಫ್ಲ್ಯಾಟಿನಲ್ಲಿದ್ದ. ನೋಟಿಸು ಅವನದು.

ವಕೀಲರ ಮೊಹರಿದ್ದ ಲಕೋಟೆಯನ್ನು ಚಿಗವ್ವ ತೆಗೆದುಕೊಳ್ಳಲಿಲ್ಲ. "ನಂದಲ್ಲಪಾ ಇದು, ಒಯ್ಯಿ" ಎಂದಳು. ಅಂಚೆಯವನು ಒಯ್ದ. ಇದು ಅವಳ ಗಾಬರಿಯಲ್ಲ, ತಿಳಿವಳಿಕೆ. ಅವಳ ತವರಿನಲ್ಲಿ ಹೊಲದ ತಕರಾರು ಎರಡು ತಲೆಮಾರು ನಡೆದಿತ್ತು. ಅಲ್ಲಿ ಹೆಂಗಸರಿಗೆ ಹೇಳಿಕೊಟ್ಟಿದ್ದ ಕಾನೂನು ಒಂದೇ: ಗಂಡಸರು ಮನೆಯಲ್ಲಿಲ್ಲದಾಗ ಸರಕಾರಿ ಕಾಗದ ಮುಟ್ಟಬೇಡ, ಮುಟ್ಟದ ಕಾಗದ ಬಂದೇ ಇಲ್ಲ. ಖಾನಾವಳಿಗೆ ಖಾಯಂ ಬರುತ್ತಿದ್ದ ಒಬ್ಬ ಕಾರ್ಖಾನೆಯ ವಾಚ್‌ಮನ್ ಅದನ್ನೇ ಮತ್ತೆ ಅನುಮೋದಿಸಿದ. "ಭೇಷ್ ಮಾಡಿದ್ರಿ ಅಕ್ಕಾರ. ಸಹಿ ಮಾಡಿಲ್ಲ ಅಂದಮ್ಯಾಲ ಅವ ಏನ್ ಕಿತ್ಕೋತಾನ?"

ಕೆಲವು ದಿನಗಳ ನಂತರ ಮಾಲಕನ ಮಗ ಅದೇ ನೋಟಿಸಿನ ಚಿತ್ರಗಳನ್ನು ವಾಟ್ಸ್ಯಾಪಿನಲ್ಲಿ ಕಳಿಸಿದ. ಮೂರು ಪುಟ, ಇಂಗ್ಲಿಷು. ಆಗ ನನ್ನನ್ನು ಕರೆಸಿದಳು. ನಾನು ಆ ವರ್ಷ ಒಂದು ಕೆಲಸ ಬಿಟ್ಟು ಇನ್ನೊಂದು ಹುಡುಕುತ್ತಿದ್ದೆ. ನನ್ನ ಲೆಕ್ಕದಲ್ಲಿ ಅದು ಮೂರನೆಯದು, ಅವಳ ಲೆಕ್ಕದಲ್ಲಿ ಐದನೆಯದು.

"ಬಾ ಪ್ರೊಫೆಸರ. ನೌಕರಿ ಅಂತೂ ಇಲ್ಲ. ಕುಂತು ಇದನ್ನರೆ ಓದು."

ಊಟದ ಜನ ಹೋದ ಮೇಲೆ ಬೆಂಚಿನ ಮೇಲೆ ಕುಳಿತು ಓದಿದೆ. ಅವಳು ನೆಲದ ಮೇಲೆ ಕಾಲು ಚಾಚಿ ಕೂತಿದ್ದಳು. ಹಿಂದೆ ರೊಟ್ಟಿ ಬಡಿಯುವ ಸದ್ದು. ಬಡಿಯುತ್ತಿದ್ದವಳು ಯಾದಗಿರಿ ಕಡೆಯ ಒಬ್ಬ ಹೆಂಗಸು, ಗಂಡನನ್ನು ಕಳೆದುಕೊಂಡವಳು. ಅವಳಿಗೂ ಚಿಗವ್ವನಿಗೂ ಇದ್ದ ಒಪ್ಪಂದವನ್ನು ಇಲ್ಲಿ ಹೇಳಬೇಕು, ಏಕೆಂದರೆ ನೋಟಿಸಿನ ಅರ್ಧ ಭಾಗ ಅದರ ಮೇಲೆ ನಿಂತಿತ್ತು. ಬೆಳಗ್ಗೆ ಅವಳು ಖಾನಾವಳಿಗೆ ರೊಟ್ಟಿ ಮಾಡಿಕೊಡುತ್ತಿದ್ದಳು. ಮಧ್ಯಾಹ್ನದ ಮೇಲೆ ಅದೇ ಒಲೆಯಲ್ಲಿ ತನ್ನ ಹಿಟ್ಟಿನಿಂದ ತನ್ನ ರೊಟ್ಟಿ ಮಾಡಿ ಸುತ್ತಲಿನ ಮನೆಗಳಿಗೆ ಮಾರುತ್ತಿದ್ದಳು. ಸಂಬಳ ಕೊಡುವುದಿಲ್ಲ, ಒಲೆಗೆ ಬಾಡಿಗೆ ತೆಗೆದುಕೊಳ್ಳುವುದಿಲ್ಲ. ನಮ್ಮ ಕಡೆಯ ರೊಟ್ಟಿ ಮಾಡುವ ಹೆಂಗಸರಲ್ಲಿ ಇದು ಹೊಸದೇನಲ್ಲ. ಅರ್ಧ ದಿನದ ಒಲೆಗೆ ಅರ್ಧ ದಿನದ ಕೈ.

ನೋಟಿಸಿನಲ್ಲಿ ಇದಕ್ಕೆ ಬೇರೆ ಹೆಸರಿತ್ತು. ನಾನು ಕನ್ನಡದಲ್ಲಿ ಹೇಳಿದೆ: "ನೀನು ಮನೆಯ ಹಿಂದಿನ ಭಾಗವನ್ನು ಇನ್ನೊಬ್ಬರಿಗೆ ಒಳಬಾಡಿಗೆ ಕೊಟ್ಟಿದ್ದೀ ಅಂತಾನ."

"ಏನಂದಿ?"

"ಒಳಬಾಡಿಗಿ. ಆಕಿ ಹತ್ರ ಬಾಡಿಗಿ ತಗೊಂಡು ಹಿತ್ತಲಾ ಕೊಟ್ಟೀ ಅಂತ."

ಹಿಂದೆ ರೊಟ್ಟಿಯ ಸದ್ದು ನಿಂತಿತು. ಚಿಗವ್ವ ಮೂಲೆಯಲ್ಲಿದ್ದ ನೀರಿನ ತಂಬಿಗೆಯನ್ನು ಎತ್ತಿ, ಕುಡಿಯದೆ, ಮತ್ತೆ ಇಟ್ಟಳು. "ಅವನ ಅಪ್ಪ ಬೇನ್ಯಾಗ ಮಲಗಿದ್ದಾಗ ಇದೇ ಆಕಿ ಮೆತ್ತಗ ರೊಟ್ಟಿ ಮಾಡಿ ಮ್ಯಾಲ ಒಯ್ದು ಕೊಡ್ತಿದ್ಲು. ಒಳಬಾಡಿಗಿ ಅಂತ! ಮುಂದ ಓದು."

ಮುಂದೆ: ಅನುಮತಿಯಿಲ್ಲದೆ ಒಲೆ ಕಟ್ಟಿ, ಗೋಡೆಗೆ ಹೊಗೆ ಹಿಡಿಸಿ, ಕಟ್ಟಡಕ್ಕೆ ಹಾನಿ ಮಾಡಿದ್ದೀರಿ. ಬಾಯಿಮಾತಿನಲ್ಲಿ ಹಲವು ಸಲ ಹೇಳಿದರೂ ಬಿಡಲಿಲ್ಲ. ಆದ್ದರಿಂದ ನಿಮ್ಮ ತಿಂಗಳ ಬಾಡಿಗೆಯ ಹಕ್ಕನ್ನು ಈ ಮೂಲಕ ಕೊನೆಗೊಳಿಸಲಾಗಿದೆ. ಈ ನೋಟಿಸು ತಲುಪಿದ ಹದಿನೈದು ದಿನಗಳಲ್ಲಿ ಜಾಗ ಖಾಲಿ ಮಾಡಿ ವಶಕ್ಕೆ ಕೊಡಬೇಕು. ಏಳು ದಿನಗಳೊಳಗೆ ಉತ್ತರಿಸಬೇಕು. ತಪ್ಪಿದರೆ ನಿಮ್ಮ ಖರ್ಚು ಮತ್ತು ಜವಾಬ್ದಾರಿಯ ಮೇಲೆ ಸಿವಿಲ್ ಹಾಗೂ ಕ್ರಿಮಿನಲ್ ಕ್ರಮ.

"ಕ್ರಿಮಿನಲ್ ಅಂದ್ರ ಪೊಲೀಸರೇನು?"

"ಹಂಗ ಬರ್ದಾನ."

"ರೊಟ್ಟಿ ಮಾಡಿದ್ದಕ್ಕ?"

ನಾನು ಮತ್ತೆ ಮೊದಲ ಪುಟಕ್ಕೆ ಹೋದೆ. ಇಂಗ್ಲಿಷು ಬರುವುದೂ ನೋಟಿಸು ಓದಲು ಬರುವುದೂ ಬೇರೆ ಬೇರೆ ಎಂದು ಅವತ್ತು ಅನ್ನಿಸಿತೆಂದು ಬರೆಯಬಹುದು. ಅವತ್ತು ಅನ್ನಿಸಿತೋ, ಆಮೇಲೆ ಸೇರಿಸಿಕೊಂಡೆನೋ. ಹದಿನೈದು ದಿನದಲ್ಲಿ ಒಲೆ ಆರಿದರೆ, ನೀರು, ಹಿತ್ತಲು, ಹೊಗೆಗೆ ತಕರಾರು ಮಾಡದ ನೆರೆ, ಇವೆಲ್ಲ ಇರುವ ಇನ್ನೊಂದು ಜಾಗ ಕಾರ್ಖಾನೆಗಳ ನಡಿಗೆಯಳತೆಯಲ್ಲಿ ಸಿಗುವುದರೊಳಗೆ ಊಟದವರು ಚದುರಿಹೋಗುತ್ತಾರೆ ಎಂಬುದು ಮಾತ್ರ ಚಿಗವ್ವನಿಗೆ ಆಗಲೇ ಸ್ಪಷ್ಟವಿತ್ತು. "ಊಟದ ಮಂದಿ ಎಂಟು ದಿನ ಬ್ಯಾರೆ ಕಡೆ ಉಂಡ್ರ ಮುಗೀತು. ತಿರುಗಿ ಬರೂದಿಲ್ಲ" ಎಂದಳು.

ಅಬಿಡ್ಸಿನಲ್ಲಿ ಹಳೆಯ ಪುಸ್ತಕದ ಅಂಗಡಿಯೊಂದರ ಮೇಲೆ ರಾಯಚೂರು ಕಡೆಯ ಒಬ್ಬ ವಕೀಲ ಹೆಂಗಸಿನ ಕಚೇರಿ ಇತ್ತು. ಮರುದಿನ ಅಲ್ಲಿಗೆ ಹೋದೆವು. ಚಿಗವ್ವ ಇಳಕಲ್ ಸೀರೆ ಉಟ್ಟು ಬಂದಿದ್ದಳು. ವಕೀಲರಿಗೆ ಐವತ್ತರ ಆಸುಪಾಸು. ಮೇಜಿನ ಮೇಲೆ ಫೈಲುಗಳ ನಡುವೆ ಅರ್ಧ ತಿಂದ ಉಸ್ಮಾನಿಯಾ ಬಿಸ್ಕೀಟು.

ಕುಳಿತುಕೊಳ್ಳುವ ಮೊದಲೇ ಚಿಗವ್ವ ಕೇಳಿದಳು. "ಬಾಯಾರ, ನನ್ನ ಮ್ಯಾಲ ಕೇಸ್ ಆಗೇತೇನ್ರಿ?"

"ಇನ್ನೂ ಇಲ್ರಿ ಅಕ್ಕಾರ. ಇದು ವಕೀಲನ ಕಾಗದ, ಕೋರ್ಟಿಂದಲ್ಲ. ಕೂಡ್ರಿ."

ನನ್ನ ಫೋನು ಇಸಿದುಕೊಂಡು ಅವರು ಮೂರೂ ಪುಟ ಓದಿದರು. ನಾನು ಓದಿದ್ದಕ್ಕಿಂತ ಬಹಳ ಬೇಗ. ಆಮೇಲೆ ಫೋನನ್ನು ಮೇಜಿನ ಮೇಲೆ ಬೋರಲು ಇಟ್ಟರು.

"ನೋಟಿಸಿನ್ಯಾಗ ಮೂರ ಮಾತು ಹುಡುಕಬೇಕ್ರಿ. ನೀವು ಏನ್ ಮಾಡೀರಿ ಅಂತಾನ, ಅವಗ ಏನ್ ಬೇಕು, ಯಾವಾಗ ಬೇಕು. ಉಳಿದದ್ದು ಮಸಾಲಿ. ಕ್ರಿಮಿನಲ್ ಗಿಮಿನಲ್ ಎಲ್ಲಾ ಮಸಾಲಿ. ಬಾಡಿಗಿ ಮನಿ ಬಿಡಲಿಲ್ಲ ಅಂತ ಪೊಲೀಸರು ಬರೂದಿಲ್ಲ."

"ಮತ್ತ ಒಳಬಾಡಿಗಿ ಅಂದಾನಲ್ರಿ? ಅದಕ್ಕ ಮೊದಲ ಉತ್ತರಾ ಕೊಡ್ರಿ. ಅಲ್ಲಾ, ಆ ಬಡವಿ..."

"ಹಿತ್ತಲ ಬಾಗಲಾ ಯಾರು ತೆಗೀತಾರ?"

"ನಾನ ತೆಗೀತೀನಿ. ಕೀಲಿ ನನ್ನ ಸೊಂಟದಾಗ ಇರ್ತದ."

"ನೀವು ಬ್ಯಾಡ ಅಂದ್ರ ಆಕಿ ಒಳಗ ಬರಾಕ ಆಗ್ತದೇನು?"

"ಯಾಕ ಬ್ಯಾಡ ಅನ್ಲಿರಿ?"

"ಅಂದ್ರ ಅಂತ ಕೇಳಾಕತ್ತೀನಿ."

"ಆಗೂದಿಲ್ಲ."

"ಹಂಗಾದ್ರ ಅದು ಒಳಬಾಡಿಗಿ ಅಲ್ಲ. ಜಾಗದ ಹಿಡಿತ ನಿಮ್ಮ ಕೈಯಾಗ ಐತಿ. ಆಕಿ ಬಂದು ಒಲಿ ವಾಪರಿಸ್ತಾಳ, ಹೋಗ್ತಾಳ. ಪೂರಾ ವಶಕ್ಕ ಕೊಟ್ಟಿದ್ರ ಬ್ಯಾರೆ ಮಾತಿತ್ತು."

ಚಿಗವ್ವನ ಮುಖ ಅರಳಿತು. ಗೆದ್ದೆವು ಎಂಬ ಹಾಗೆ ನನ್ನ ಕಡೆ ನೋಡಿದಳು. ವಕೀಲರು ಅದನ್ನು ಗಮನಿಸಿ, ಬಿಸ್ಕೀಟಿನ ಉಳಿದರ್ಧ ಬಾಯಿಗೆ ಹಾಕಿಕೊಂಡು, ನಿಧಾನವಾಗಿ ಹೇಳಿದರು.

"ಆದ್ರ ಅಕ್ಕಾರ, ಒಳಬಾಡಿಗಿ ಅಲ್ಲ ಅಂತ ನಾವು ತೋರಿಸಿದ್ರೂ ಜಾಗಾ ಉಳಿಯೂದಿಲ್ಲ."

ಇದು ನನಗೂ ಅರ್ಥವಾಗಲಿಲ್ಲ. ಅವರು ವಿವರಿಸಿದರು. ಚಿಗವ್ವನ ಹನ್ನೊಂದು ತಿಂಗಳ ಕರಾರು ಮುದುಕ ಇದ್ದಾಗಲೇ ಮುಗಿದಿತ್ತು. ಆಮೇಲೆ ಯಾರೂ ಹೊಸದಾಗಿ ಬರೆಸಿರಲಿಲ್ಲ. ಅವನು ಬಾಡಿಗೆ ತೆಗೆದುಕೊಳ್ಳುತ್ತ ಹೋದ, ಇವಳು ಕೊಡುತ್ತ ಹೋದಳು. ಅಂಥ ಬಾಡಿಗೆ ಕಾನೂನಿನ ಕಣ್ಣಲ್ಲಿ ತಿಂಗಳಿಂದ ತಿಂಗಳಿಗೆ ನಡೆಯುವಂಥದು. ಬೇರೆ ಕರಾರಿಲ್ಲದಿದ್ದರೆ ಎರಡೂ ಕಡೆಯವರಲ್ಲಿ ಯಾರು ಬೇಕಾದರೂ ಹದಿನೈದು ದಿನದ ನೋಟಿಸು ಕೊಟ್ಟು ಅದನ್ನು ಮುಗಿಸಬಹುದು, ಕಾರಣ ಹೇಳಬೇಕಾಗಿಲ್ಲ. ಕಾರಣ ಕೇಳುವ ಬಾಡಿಗೆ ನಿಯಂತ್ರಣದ ಕಾನೂನು ಬೇರೆ ಇದೆ, ಆದರೆ ಅದು ಬಾಡಿಗೆ ಬಹಳ ಕಡಿಮೆ ಇರುವ ಹಳೆಯ ಮನೆಗಳಿಗೆ. ಈ ಖಾನಾವಳಿಯ ಬಾಡಿಗೆ ಆ ಮಿತಿಯನ್ನು ಎಂದೋ ದಾಟಿತ್ತು.

"ಅಂದ್ರ ಒಲಿ, ಹೊಗಿ, ಒಳಬಾಡಿಗಿ, ಇವೆಲ್ಲಾ ಯಾಕ ಬರ್ದಾನ್ರಿ?" ಎಂದು ನಾನು ಕೇಳಿದೆ.

"ನೀವು ಅಂಜಲಿ ಅಂತ. ಸಿಟ್ಟಿಗೆದ್ದು ಅದಕ್ಕಷ್ಟ ಉತ್ತರಾ ಬರ್ಕೋತ ಕೂಡಲಿ ಅಂತ. ಹೊಡೆಯೂ ಮಾತು ಈ ಒಂದ ಸಾಲಿನ್ಯಾಗ ಐತಿ. ಓದಿದ್ರ ನಿದ್ದಿ ಬರ್ತದ, ಅಂಥಾ ಸಾಲು."

ಫೋನು ತಿರುಗಿಸಿ ಎರಡನೆಯ ಪುಟದ ನಡುವಿನ ಸಾಲು ತೋರಿಸಿದರು. ಹಕ್ಕನ್ನು ಕೊನೆಗೊಳಿಸಲಾಗಿದೆ ಎಂಬ ಸಾಲು. ನಿನ್ನೆ ನಾನು ಅದನ್ನು ಒಂದೇ ಉಸಿರಿನಲ್ಲಿ ಓದಿ ದಾಟಿಸಿದ್ದೆ.

ಚಿಗವ್ವ ಕೊನೆಯ ಅಸ್ತ್ರ ತೆಗೆದಳು. "ಆದ್ರ ನಾನು ನೋಟಿಸು ತಗೊಂಡಿಲ್ಲಲ್ರಿ. ವಾಪಸ್ ಕಳಿಸೀನಿ."

"ಯಾರು ಹೇಳಿದ್ರು ವಾಪಸ್ ಕಳಿಸಂತ?"

"ಎಲ್ಲಾರೂ ಹಂಗ ಮಾಡ್ತಾರಲ್ರಿ."

"ಎಲ್ಲಾರೂ ಮಾಡ್ತಾರ. ನನ್ನ ಪಕ್ಷಗಾರರೂ ಮಾಡ್ತಾರ, ಆಮ್ಯಾಲ ಇಲ್ಲಿ ಬಂದು ಕೂಡ್ತಾರ." ಅವರು ನಕ್ಕರು. "ಸರಿಯಾದ ವಿಳಾಸಕ್ಕ ಬಂದ ರಿಜಿಸ್ಟರ್ ಕಾಗದ ಬ್ಯಾಡ ಅಂದ್ರ, ತಗೊಂಡಂಗ ಅಂತ ಹಿಡೀತಾರ್ರಿ. ನಿರಾಕರಿಸಿದಾರ ಅಂತ ಅಂಚೆಯವ ಲಕೋಟಿ ಮ್ಯಾಲ ಬರ್ದು ತಾರೀಖು ಹಾಕಿರ್ತಾನ. ಆ ಲಕೋಟಿ ಒಡೆಯದಂಗ ಅವನ ವಕೀಲನ ಕಪಾಟಿನ್ಯಾಗ ಕುಂತಿರ್ತದ, ನಾಳೆ ಕೋರ್ಟಿಗೆ ತೋರ್ಸಾಕ. ವಾಟ್ಸ್ಯಾಪಿನ ಮಾತು ಬಿಡ್ರಿ, ಹದಿನೈದು ದಿನಾ ಓಡಾಕತ್ತಿದ್ದು ನೀವು ಬ್ಯಾಡ ಅಂದ ದಿನದಿಂದ. ಯಾವತ್ತು ಅಂದ್ರಿ?"

ಇಲ್ಲಿ ಸೋಮವಾರ, ಗುರುವಾರದ ಪ್ರಶ್ನೆ ಬಂತು. ಚಿಗವ್ವ ಗುರುವಾರ ಎಂದಳು. ಅವತ್ತು ಪುಂಡಿಪಲ್ಯ ಮಾಡಿದ್ದು ನೆನಪಿತ್ತಂತೆ. ನಾನು ಸೋಮವಾರ ಎಂದೆ. ನಾನು ಅಲ್ಲಿಗೆ ಹೋಗುತ್ತಿದ್ದದ್ದು ಸೋಮವಾರಗಳಲ್ಲಿ. ಪುಂಡಿಪಲ್ಯ ಸೋಮವಾರವೂ ಆಗಿರಬಹುದಲ್ಲ ಎಂದು ನಾನು, ನೀನು ಗುರುವಾರವೂ ಉಣ್ಣಲು ಬಂದಿರಬಹುದಲ್ಲ ಎಂದು ಅವಳು. ವಕೀಲರು ಕೈಯೆತ್ತಿ ನಿಲ್ಲಿಸಿದರು.

"ಅನುಮಾನ ಇದ್ರ ನಮಗ ಲುಕ್ಸಾನ ಆಗೂ ದಿನಾ ಹಿಡೀಬೇಕು. ಸೋಮವಾರ. ಮುಗೀತು."

ನಾನು ಅಷ್ಟು ವರ್ಷ ಓದಿದ ವಿಷಯದಲ್ಲಿ ಸಂಶಯಕ್ಕೆ ಕೊನೆಯಿರಲಿಲ್ಲ. ಇಲ್ಲಿ ಅದನ್ನು ಒಂದು ಕಡೆ ಇಟ್ಟು ಕೆಲಸ ಮುಂದುವರಿಸುವ ರೀತಿ ಇತ್ತು. ನನಗದು ಇಷ್ಟವಾಯಿತೋ ಇಲ್ಲವೋ ಹೇಳಲಾರೆ.

ಸೋಮವಾರದಿಂದ ಎಣಿಸಿದರೆ ಉಳಿದದ್ದು ಒಂದು ವಾರಕ್ಕೂ ಕಡಿಮೆ. ನೋಟಿಸು ತಿಂಗಳ ಕೊನೆಗೆ ಮುಗಿಯುವಂತಿರಬೇಕು ಎಂದು ಎಲ್ಲಿಯೋ ಕೇಳಿದ್ದೆ, ಕೇಳಿದೆ. ಹಿಂದೆ ಹಾಗಿತ್ತು, ಕಾನೂನು ತಿದ್ದಿ ಬಹಳ ವರ್ಷವಾಯಿತು ಎಂದರು. ಏಳು ದಿನದಲ್ಲಿ ಉತ್ತರ ಕೊಡಬೇಕೆಂಬುದು ಮಾತ್ರ ಮಾಲಕನ ಕಡೆಯ ವಕೀಲ ತಾನೇ ಹಾಕಿದ ಗಡುವು, ಕಾನೂನಿನದಲ್ಲ. ಆದರೂ ಉತ್ತರ ಬೇಗ ಹೋಗಬೇಕು. ಸುಮ್ಮನಿದ್ದರೆ ಅವನು ಹೇಳಿದ್ದನ್ನು ಒಪ್ಪಿದಿರಿ ಎಂದು ನಾಳೆ ವಾದಿಸುತ್ತಾರೆ.

"ಹದಿನೈದನೇ ದಿನಾ ಬಂದು ಸಾಮಾನು ಹೊರಗ ಒಗೀತಾನೇನ್ರಿ?"

"ಒಗೆಯಾಂಗಿಲ್ಲ. ಅವತ್ತು ನಿಮ್ಮ ಬಾಡಿಗಿ ಹಕ್ಕು ಮುಗೀತದ, ಅಷ್ಟ. ಬಿಡ್ಸಬೇಕಂದ್ರ ಅವ ದಾವಾ ಹಾಕಬೇಕು. ಕೋರ್ಟಿನ ಸಮನ್ಸ್ ಬರ್ತದ. ಅದನ್ನ ಮಾತ್ರ ವಾಪಸ್ ಕಳಿಸಬ್ಯಾಡ್ರಿ, ನಿಮ್ಮ ಪುಣ್ಯ. ಸಮನ್ಸ್ ಬಂದ ಮೂವತ್ತು ದಿನದಾಗ ನಮ್ಮ ಉತ್ತರಾ ಕೊಡಬೇಕು. ಕೋರ್ಟು ಒಪ್ಪಿದ್ರ ತೊಂಬತ್ತರ ತನಕ ಎಳೀಬಹುದು. ನಡುವ ಅವ ತಾನ ಕೀಲಿ ಜಡದು ಹೊರಗ ಹಾಕಿದ್ರ, ಆರು ತಿಂಗಳದೊಳಗ ನಾವು ದಾವಾ ಹಾಕಿ ಒಳಗ ಬರಬಹುದು. ತೀರ್ಪು ಬರೂತನ ವರ್ಷಾನೂ ಹೋಗಬಹುದು, ಜಾಸ್ತೀನೂ ಹೋಗಬಹುದು. ಆದ್ರ ಕಡೀಕ ಬಿಡೂದು ಬಿಡೂದ. ಮ್ಯಾಲ ಅಷ್ಟೂ ದಿನದ್ದು ಹಾನಿ ಅಂತ, ಬಾಡಿಗಿಗಿಂತ ಹೆಚ್ಚು ಕೊಡಾಕ ಹಚ್ಚಬಹುದು."

ಆಮೇಲೆ ಅವರು ಚಿಗವ್ವನಿಗೆ ಕೇಳಿದ ಪ್ರಶ್ನೆಯನ್ನು ನಾನು ಸರಿಯಾಗಿ ನೆನಪಿಟ್ಟಿದ್ದೇನೆ ಎಂದುಕೊಂಡಿದ್ದೇನೆ. "ನಿಮಗ ಬೇಕಾದ್ದು ಆ ಜಾಗಾನೋ, ಇನ್ನೊಂದು ಜಾಗಾ ಹುಡುಕಾಕ ಪುರಸೊತ್ತೋ?"

ಚಿಗವ್ವ "ಒಲಿ ಆರಬಾರದ್ರಿ. ಎಲ್ಲಿದ್ರೂ ಸೈ" ಎಂದಳು.

ಎರಡು ದಿನದಲ್ಲಿ ಉತ್ತರ ಸಿದ್ಧವಾಯಿತು. ಬಾಡಿಗೆದಾರಳು ಎಂಬುದನ್ನು ಒಪ್ಪಿತ್ತು. ಒಳಬಾಡಿಗೆಯನ್ನು ಅಲ್ಲಗಳೆದಿತ್ತು. ಒಲೆ ಕಟ್ಟಿದ್ದು ತೀರಿಕೊಂಡ ಮಾಲಕನ ಬಾಯಿಮಾತಿನ ಒಪ್ಪಿಗೆಯಿಂದ, ಅವನ ಕಣ್ಣೆದುರಿಗೇ, ಎಂದಿತ್ತು. ಕಾನೂನಿನ ದಾರಿಯಲ್ಲದೆ ಬೇರೆ ದಾರಿಯಿಂದ ಬಿಡಿಸಬಾರದು ಎಂದಿತ್ತು. ಕೊನೆಗೆ, ಈ ಯಾವ ಹಕ್ಕಿಗೂ ಧಕ್ಕೆಯಾಗದಂತೆ, ತಕ್ಕಷ್ಟು ಕಾಲಾವಕಾಶ ಕೊಟ್ಟರೆ ಜಾಗ ಬಿಡಲು ಸಿದ್ಧ ಎಂದಿತ್ತು. ನಾನು ಕನ್ನಡದಲ್ಲಿ ಹೇಳುತ್ತಿದ್ದಾಗ ಚಿಗವ್ವ ಒಂದೇ ತಿದ್ದುಪಡಿ ಕೇಳಿದಳು: ರೊಟ್ಟಿಯವಳು ನನ್ನ ತಂಗಿ ಎಂದು ಬರೆಯಿರಿ. ತಂಗಿಯೇನು ಎಂದು ವಕೀಲರು ಫೋನಿನಲ್ಲೇ ಕೇಳಿದರು. ಅಲ್ಲ, ತಂಗಿಗಿಂತ ಹೆಚ್ಚು ಎಂದಳು. ಬರೆಯಲಿಲ್ಲ. ಹದಿನೈದು ದಿನ ಮುಗಿಯುವ ಮೊದಲೇ ಅದು ರಿಜಿಸ್ಟರ್ ಅಂಚೆಯಲ್ಲಿ ಹೋಯಿತು.

ಮುಂದಿನ ವಾರ ಮಾಲಕನ ಮಗ ತಾನೇ ಬಂದ, ಊಟದ ವೇಳೆಗೆ. ಅವನು ಸಣ್ಣವನಿದ್ದಾಗ ಶಾಲೆಯಿಂದ ಬಂದು ಇದೇ ಬೆಂಚಿನ ಮೇಲೆ ಕೂತು ಉಣ್ಣುತ್ತಿದ್ದನೆಂದು ಚಿಗವ್ವ ಹೇಳುತ್ತಿದ್ದಳು. ಅವರಿಬ್ಬರ ಮಾತು ಯಾವಾಗಲೂ ಹೈದರಾಬಾದಿನ ಹಿಂದಿಯಲ್ಲಿ. ಚಿಗವ್ವ ತಾಟು ತಂದು ಅವನ ಮುಂದೆ ಕುಕ್ಕಿದಳು.

"ಖಾಲೋ. ಮೈ ಕ್ರಿಮಿನಲ್ ಹೂಂ, ಫಿರ್ ಭೀ ಖಾಲೋ."

"ಆಂಟೀ, ವೋ ವಕೀಲ್ ಸಾಬ್ ಲಿಖೇ. ಮೈ ನಕ್ಕೋ ಬೋಲಾ ಥಾ."

ಬರೆದದ್ದು ವಕೀಲನಂತೆ, ತಾನು ಬೇಡವೆಂದಿದ್ದನಂತೆ. ವಿಷಯ ಹೊರಬಿತ್ತು. ಮನೆ ಕೆಡವಿ ಕಟ್ಟಿಸಲು ಅವನು ಒಬ್ಬ ಬಿಲ್ಡರನ ಜೊತೆ ಮಾತಾಡಿದ್ದ. ಒಲೆಯೂ ಹೊಗೆಯೂ ರೊಟ್ಟಿಯವಳೂ ಅವನಿಗೆ ಏನೂ ಅಲ್ಲ. ಅದನ್ನು ಕೇಳಿ ಚಿಗವ್ವನಿಗೆ ಸಮಾಧಾನವಾಗುತ್ತದೆಂದು ನಾನು ತಿಳಿದಿದ್ದೆ. ಆಗಲಿಲ್ಲ, ಸಿಟ್ಟು ಹೆಚ್ಚಿತು. ನನ್ನ ಕಡೆ ತಿರುಗಿ ಕನ್ನಡದಲ್ಲಿ ಹೇಳಿದಳು: "ಖರೇನ ಬರ್ದಿದ್ರ ಇಷ್ಟು ಸಂಕಟ ಆಗ್ತಿರಲಿಲ್ಲ. ಕಟ್ಟಡಾ ಕೆಡವಾಕ ಬೇಕು ಅಂದಿದ್ರ ಮುಗೀತಿತ್ತು." ಆದರೂ ಅವನ ತಾಟಿಗೆ ಎರಡನೆಯ ರೊಟ್ಟಿ ಹಾಕಿದಳು. ಕೇಳದೆ ಹಾಕಿದಳು, ಹಾಕಿದ್ದು ಪ್ರೀತಿಯಿಂದಲೋ ರೂಢಿಯಿಂದಲೋ ನನಗೆ ತಿಳಿಯಲಿಲ್ಲ.

ಯುಗಾದಿಯವರೆಗೆ ಎಂದು ಮಾತಾಯಿತು. ಬಾಯಿಮಾತಿನ ಮೇಲೆ ಬಿಡಬೇಡಿ ಎಂದು ವಕೀಲರು ಬರೆಸಿದರು: ಅಲ್ಲಿಯತನಕ ಅವನು ದಾವೆ ಹಾಕುವುದಿಲ್ಲ, ನೀರು ಕರೆಂಟು ಕಡಿಯುವುದಿಲ್ಲ, ಇವಳು ಇದುವರೆಗಿನಂತೆ ಪ್ರತಿ ತಿಂಗಳು ಕೊಡುತ್ತಾಳೆ, ಅದನ್ನು ತೆಗೆದುಕೊಂಡ ಮಾತ್ರಕ್ಕೆ ನೋಟಿಸು ರದ್ದಾಗುವುದಿಲ್ಲ, ಯುಗಾದಿಯ ಮರುವಾರ ಜಾಗ ಬಿಡುತ್ತಾಳೆ. ಇಬ್ಬರೂ ಸಹಿ ಹಾಕಿದರು. ಚಿಗವ್ವ ಸಹಿ ಹಾಕುವ ಮುನ್ನ ಕೈ ತೊಳೆದುಕೊಂಡು ಬಂದಳು.

ಯುಗಾದಿಗೆ ಮೊದಲೇ ಜೀಡಿಮೆಟ್ಲಾದಲ್ಲಿ ಹಿತ್ತಲಿರುವ ಒಂದು ಜಾಗ ಸಿಕ್ಕಿತು. ಹಳೆಯ ಊಟದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಅಷ್ಟು ದೂರ ಬರಲಿಲ್ಲ. ಅಲ್ಲಿಯ ಔಷಧ ಕಾರ್ಖಾನೆಗಳ ಹೊಸಬರು ಬಂದರು. ರೊಟ್ಟಿಯವಳು ತನ್ನ ಗಿರಾಕಿ ಮನೆಗಳನ್ನೆಲ್ಲ ಬಿಟ್ಟು ಜೊತೆಗೆ ಹೋದಳು. ಬದಲಿಗೆ ಅವಳಿಗೇನು ಸಿಕ್ಕಿತೆಂದು ನಾನು ಕೇಳಲಿಲ್ಲ.

ಹೊಸ ಕರಾರಿನಲ್ಲಿ ಹದಿನೈದು ದಿನದ ಬದಲು ಮೂರು ತಿಂಗಳ ನೋಟಿಸು ಬೇಕೆಂದು ಬರೆಸಿದ್ದೇನೆ ಎಂದು ಚಿಗವ್ವ ಫೋನಿನಲ್ಲಿ ಹೇಳಿದಾಗ ನಾನು ನಂಬಿರಲಿಲ್ಲ. ಹೊಸ ಮಾಲಕ ಅದಕ್ಕೆ ಒಪ್ಪಿರಲಾರನು. ಒಪ್ಪಿದ್ದರೂ ಹನ್ನೊಂದು ತಿಂಗಳಾದ ಮೇಲೆ ಇವಳು ಮತ್ತೆ ಬರೆಸುವುದನ್ನು ಮರೆತು ಹಳೆಯ ಸ್ಥಿತಿಗೇ ಬಂದಿರುತ್ತಾಳೆ ಎಂದುಕೊಂಡಿದ್ದೆ. ಎರಡು ವರ್ಷದ ಮೇಲೆ ಹೋದಾಗ ಕೇಳಿ ತೆಗೆಸಿ ನೋಡಿದೆ. ಮೂರು ಕರಾರುಗಳಿದ್ದವು, ಪ್ರತಿಯೊಂದೂ ಹಿಂದಿನದು ಮುಗಿಯುವ ಮೊದಲೇ ಬರೆಸಿದ್ದು. ಮೂರರಲ್ಲೂ ಮೂರು ತಿಂಗಳು ಎಂದೇ ಇದೆ.